ರಾಜೀನಾಮೆ ಪತ್ರದಲ್ಲಿ ಗೇಮ್ ಕಥೆ ಬೇಡ

ಈ ಸಲದ ಪತ್ರಲೇಖನಕ್ಕೆ ನಾವು ಎತ್ತಿಕೊಂಡಿದ್ದು ರಾಜೀನಾಮೆ ಪತ್ರ. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಂತ ಇಟ್ಕೊಳ್ಳೋಣ. ಒಳ್ಳೆ ಸಂಬಳದ ಕೆಲಸ ಬಿಟ್ಟು ಪೂರ್ತಿ ಸಮಯ ಸ್ವಂತ ಗೇಮ್ ಮಾಡಲು ಹೊರಟಿದ್ದಾರೆ. ನಮ್ಮ ಮೊದಲ ಕರಡು ಹೀಗಿತ್ತು: “ಎರಡು ವರ್ಷದಿಂದ ರಾತ್ರಿ ಕೂತು ಮಾಡುತ್ತಿರುವ ಗೇಮನ್ನು ಮುಗಿಸಲು ಕೆಲಸ ಬಿಡುತ್ತಿದ್ದೇನೆ.”

ಓದೋಕೆ ಚೆನ್ನಾಗಿದೆ, ತೊಂದರೆ ಇರೋದೂ ಅಲ್ಲೇ. ಕೆಲಸದಲ್ಲಿರುವಾಗ ಬರೆದ ಕೋಡ್ ಕಂಪನಿಗೇ ಸೇರುತ್ತದೆ ಎಂಬ ಷರತ್ತು ಅನೇಕ ನೇಮಕಾತಿ ಒಪ್ಪಂದಗಳಲ್ಲಿ ಇರುತ್ತೆ. ಕೆಲವದರಲ್ಲಿ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು ಮಾತ್ರ, ಕೆಲವದರಲ್ಲಿ ಮನೆಯಲ್ಲಿ ಬರೆದದ್ದೂ ಸೇರುತ್ತೆ. ನಾಳೆ ಗೇಮ್ ದುಡ್ಡು ಮಾಡಿತು ಅನ್ನಿ, “ಎರಡು ವರ್ಷದಿಂದ” ಎಂಬ ಪದವೇ ಅವರ ವಿರುದ್ಧ ಸಾಕ್ಷಿ. ಮುಚ್ಚಿಡಿ ಅಂತ ನಾವು ಹೇಳ್ತಿಲ್ಲ. ಒಪ್ಪಂದ ಓದಿ, ಗೇಮ್ ಮೇಲೆ ಕಂಪನಿಗೆ ಹಕ್ಕಿಲ್ಲ ಎಂದು ಎಚ್‌ಆರ್‌ನಿಂದ ಬೇರೆಯಾಗಿ ಬರೆಸಿಕೊಳ್ಳಬೇಕು. ಶುರು ಮಾಡೋ ಮೊದಲೇ ಕೇಳಿದ್ದರೆ ಇನ್ನೂ ಒಳ್ಳೇದಿತ್ತು.

ಇನ್ನೊಂದು, ದಿನಾಂಕ. 60 ದಿನದ ನೋಟಿಸ್, ಪತ್ರ ಕೊಟ್ಟಿದ್ದು ಜುಲೈ 1. ಆ ದಿನವನ್ನೂ ಎಣಿಸಿದರೆ ಕೊನೆಯ ದಿನ ಆಗಸ್ಟ್ 29, ಬಿಟ್ಟರೆ 30. ನಮ್ಮಲ್ಲೇ ಇದಕ್ಕೆ ಜಗಳ ಆಯ್ತು! ಅದಕ್ಕೇ ತಾರೀಖನ್ನೇ ಬರೆಯಬೇಕು. ಕೊನೆಗೆ ಉಳಿದ ಪತ್ರ ಇಷ್ಟೇ:

“ಮಾನ್ಯರೇ, ವೈಯಕ್ತಿಕ ಕಾರಣದಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. 60 ದಿನಗಳ ನೋಟಿಸ್‌ನಂತೆ ನನ್ನ ಕೊನೆಯ ಕೆಲಸದ ದಿನ ಆಗಸ್ಟ್ 30. ಅಷ್ಟರೊಳಗೆ ನನ್ನ ಕೆಲಸವನ್ನು ತಂಡಕ್ಕೆ ವಹಿಸಿಕೊಡುತ್ತೇನೆ. ದಯವಿಟ್ಟು ಈ ದಿನಾಂಕವನ್ನು ಇಮೇಲ್‌ನಲ್ಲಿ ಖಚಿತಪಡಿಸಿ.”