ಟಿಪ್ಪಣಿಯಿಂದ ಭಾಷಣಕ್ಕೆ: ಒಂದು ಸ್ವಾಗತದ ಮಾತನ್ನು ತಿದ್ದಿದ್ದು

ನಮ್ಮ ಕಾಮರ್ಸ್ ತರಗತಿಯಲ್ಲಿ ವ್ಯವಹಾರದ ಪತ್ರ ಬರೆಯುವುದನ್ನು ಕಲಿಸುತ್ತಾರೆ. ಆದರೆ ಬರೆದದ್ದನ್ನು ಒಬ್ಬರು ಜನರ ಮುಂದೆ ನಿಂತು ಬಾಯಲ್ಲಿ ಹೇಳಬೇಕಾದರೆ ಏನು ಮಾಡಬೇಕು? ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅದನ್ನು ನಾನು ಕಲಿತದ್ದು ಕಳೆದ ರಜೆಯಲ್ಲಿ, ಒಂದು ಆಸ್ಪತ್ರೆಯ ಆಫೀಸಿನಲ್ಲಿ. ಮಿತ್ರರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಗುಮಾಸ್ತರು. ಅಲ್ಲಿಗೆ ಹೊಸದಾಗಿ 18 ಜನ ನರ್ಸುಗಳು ಬರುವವರಿದ್ದರು. ಎಲ್ಲರೂ ಕರ್ನಾಟಕದಲ್ಲಿ ನರ್ಸಿಂಗ್ ಓದಿದವರು. ನಿರ್ದೇಶಕರು ಧಾರವಾಡದ ಕಡೆಯ ಹಿರಿಯ ಡಾಕ್ಟರು. ಮೊದಲ ದಿನವಾದರೂ ಇವರೊಡನೆ ಕನ್ನಡದಲ್ಲಿ ಮಾತಾಡಬೇಕೆಂದು ಅವರ ಆಸೆ. ಆದರೆ ಕೈಯಲ್ಲಿದ್ದದ್ದು ಇಂಗ್ಲಿಷ್ ಸುತ್ತೋಲೆಯಿಂದ ಯಾರೋ ಕನ್ನಡಿಸಿದ ಒಂದು ಪುಟದ ಟಿಪ್ಪಣಿ. ಮಾವನ ಜೊತೆ ಹೋಗಿದ್ದ ನನ್ನನ್ನು ನೋಡಿ ಅವರು ಹೇಳಿದರು: "ಏನಪಾ, ನೀ ಕನ್ನಡ ಶಾಲ್ಯಾಗ ಓದಿದಾಂವ ಅಲ್ಲೇನು? ಇದನ್ನ ನನಗ ಮಾತಾಡೂ ಹಂಗ ಮಾಡಿಕೊಡು. ಸಭಾ ಮರ್ಯಾದಿ ಇರಬೇಕು, ಆದ್ರ ನೋಟೀಸು ಓದಿದಂಗ ಆಗಬಾರದು."

ಟಿಪ್ಪಣಿಯ ಮೊದಲ ಸಾಲು ಹೀಗಿತ್ತು: "ನೂತನವಾಗಿ ನೇಮಕಗೊಂಡ ಶುಶ್ರೂಷಾ ಸಿಬ್ಬಂದಿಗೆ ಸಂಸ್ಥೆಯ ಪರವಾಗಿ ಸ್ವಾಗತ ಕೋರಲಾಗುತ್ತಿದೆ." ಇದಕ್ಕೆ ಆತ್ಮೀಯತೆ ತುಂಬಬೇಕೆಂದು ನಾನು ಬರೆದದ್ದು: "ಶ್ವೇತವಸ್ತ್ರಧಾರಿಣಿಯರಾದ ಕರುಣಾಮಯಿ ಸೋದರಿಯರೇ, ನೀವು ಧರೆಗಿಳಿದ ದೇವತೆಗಳು." ಬರೆದು ಬಹಳ ಖುಷಿಪಟ್ಟೆ. ನಿರ್ದೇಶಕರು ಅದನ್ನು ಮೇಟ್ರನ್ ಅವರಿಗೆ ತೋರಿಸಲು ಹೇಳಿದರು. ಅವರು ಉಡುಪಿಯ ಕಡೆಯವರು. ಓದಿ ಕನ್ನಡಕ ತೆಗೆದರು. "ಎಂತ ಮಾರಾಯ ಇದು? ದೇವತೆಗಳಿಗೆ ಊಟ, ನಿದ್ದೆ, ರಜೆ ಒಂದೂ ಬೇಡ. ಇವರಿಗೆ ಎಲ್ಲಾ ಬೇಕು. ಮತ್ತೆ ಈ 18ರಲ್ಲಿ ಮೂವರು ಗಂಡುಹುಡುಗರು ಉಂಟು. ಅವರು ಎಲ್ಲಿ ಕೂತುಕೊಳ್ಳಬೇಕು?"

ಆಗ ಗೊತ್ತಾಯಿತು. ಟಿಪ್ಪಣಿಯದೂ ನನ್ನದೂ ಒಂದೇ ತಪ್ಪು. ಎದುರಿಗೆ ಕುಳಿತ ಜನರನ್ನು ಎರಡೂ ನೋಡಿರಲಿಲ್ಲ. ಇವರು ಯಾರು, ಎಲ್ಲಿಂದ ಬಂದರು ಎಂದು ಮೇಟ್ರನ್ ಅವರನ್ನೇ ಕೇಳಿ ಮತ್ತೆ ಬರೆದೆ: "ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ಇವತ್ತು ಬೆಳಿಗ್ಗೆಯಷ್ಟೇ ರೈಲಿನಿಂದ ಇಳಿದು ಬಂದಿದ್ದೀರಿ. ಹಲವರಿಗೆ ಈ ಊರು ಹೊಸದು, ಇಲ್ಲಿಯ ಭಾಷೆ ಹೊಸದು. ಇಂದಿನಿಂದ ನೀವು ಈ ಆಸ್ಪತ್ರೆಯವರು. ನಿಮ್ಮನ್ನು ಆದರದಿಂದ ಸ್ವಾಗತಿಸುತ್ತೇನೆ."

ಇಲ್ಲಿ ಬದಲಾದದ್ದು ಕ್ರಿಯಾಪದ. "ಕೋರಲಾಗುತ್ತಿದೆ" ಎಂದರೆ ಕೋರುವವರು ಯಾರೂ ಇಲ್ಲ. "ಸ್ವಾಗತಿಸುತ್ತೇನೆ" ಎಂದಾಗ ಹೇಳುವವರು ಎದುರಿಗೆ ನಿಲ್ಲುತ್ತಾರೆ. "ನೀವು" ಮತ್ತು "ಆದರದಿಂದ" ಎಂಬ ಮಾತುಗಳು ಸಭೆಯ ಗಾಂಭೀರ್ಯವನ್ನು ಕಾಯುತ್ತವೆ. "ಮಕ್ಕಳೇ" ಅಂದರೆ ಇನ್ನೂ ಆತ್ಮೀಯವಲ್ಲವೇ ಎಂದು ಕೇಳಿದೆ. ಮೇಟ್ರನ್ ತಲೆಯಾಡಿಸಿದರು. "ನಾಳೆ ಡಾಕ್ಟರು ಬರೆದ ಡೋಸು ಹೆಚ್ಚಾಯಿತು ಅಂತ ಕಂಡರೆ ಇವರು ಬಾಯಿಬಿಟ್ಟು ಕೇಳಬೇಕು. ಮಕ್ಕಳು ಅಂತ ಕರೆದು ಕೂರಿಸಿದರೆ ಕೇಳುತ್ತಾರಾ?"

ಎರಡನೆಯ ಸಾಲು: "ಪಾಳಿಯ ಸಮಯಪಾಲನೆ ಕಡ್ಡಾಯವಾಗಿದೆ." ನಿಯಮ ಸರಿಯೇ. ಆದರೆ ಯಾಕೆ ಕಡ್ಡಾಯ? ಆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಎಂಟರಿಂದ ಬೆಳಿಗ್ಗೆ ಎಂಟರ ತನಕ. ಬೆಳಿಗ್ಗೆಯವರು ಬಂದು ಒಬ್ಬೊಬ್ಬ ರೋಗಿಯ ವಿಷಯವನ್ನೂ ಕೇಳಿಕೊಳ್ಳುವವರೆಗೆ ರಾತ್ರಿಯವರು ವಾರ್ಡು ಬಿಡುವಂತಿಲ್ಲ. ತಡವಾದರೆ ಈ ಒಪ್ಪಿಸುವ ಮಾತು ಅವಸರದಲ್ಲಿ ಮುಗಿಯುತ್ತದೆ. ಯಾರಿಗೆ ಯಾವ ಔಷಧಿ ಕೊಟ್ಟಾಯಿತು, ಯಾವುದು ಬಾಕಿ ಎನ್ನುವುದು ಅಲ್ಲೇ ಜಾರಿಹೋಗುತ್ತದೆ. ಇದನ್ನು ತಿಳಿದ ಮೇಲೆ ಬರೆದೆ: "ನೀವು ಬೆಳಿಗ್ಗೆ ಬರುವಾಗ, ಹನ್ನೆರಡು ಗಂಟೆ ನಿಂತು ದಣಿದ ಒಬ್ಬರು ನಿಮ್ಮ ದಾರಿ ನೋಡುತ್ತಿರುತ್ತಾರೆ. ಅವರು ರೋಗಿಗಳನ್ನು ನಿಮ್ಮ ಕೈಗೆ ಒಪ್ಪಿಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ಅವರಿಗೆ ಕೊಡಿ. ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ವಾರ್ಡಿನಲ್ಲಿರಿ." ನಿಯಮ ಸಡಿಲವಾಗಲಿಲ್ಲ, ಇನ್ನೂ ಖಚಿತವಾಯಿತು.

ನಿಜವಾಗಿ ಕಷ್ಟವಾದದ್ದು ಮೂರನೆಯ ಸಾಲು: "ಬಳಸಿದ ಸೂಜಿ ಚುಚ್ಚಿಕೊಂಡಲ್ಲಿ ತಕ್ಷಣ ವರದಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು." ಇದನ್ನು ಕೇಳಿದ ಹೊಸ ಹುಡುಗಿಯ ಕಿವಿಯಲ್ಲಿ ಉಳಿಯುವುದು "ಶಿಸ್ತುಕ್ರಮ" ಒಂದೇ. ಸೂಜಿ ಚುಚ್ಚಿದರೆ ಅವಳು ಬೆರಳು ಒರೆಸಿಕೊಂಡು ಸುಮ್ಮನಾಗುತ್ತಾಳೆ. ಸುಮ್ಮನಿದ್ದರೆ ಹೊತ್ತು ಕೈತಪ್ಪುತ್ತದೆ. ಆ ರೋಗಿಗೆ ಎಚ್‌ಐವಿ ಇದ್ದರೆ, ಸೋಂಕು ತಡೆಯುವ ಔಷಧಿಯನ್ನು ಆದಷ್ಟು ಬೇಗ, 72 ಗಂಟೆಯೊಳಗೆ ಶುರುಮಾಡಬೇಕು. ಆಮೇಲೆ ಅದರ ಭರವಸೆ ಇಲ್ಲ. ಅಂದರೆ ಹೆದರಿಸುವ ವಾಕ್ಯ ತಾನು ಹೇಳಿದ್ದಕ್ಕೆ ತಾನೇ ಅಡ್ಡ ನಿಲ್ಲುತ್ತದೆ.

ನಾನು "ಯಾವ ತಪ್ಪಿಗೂ ಯಾರನ್ನೂ ಶಿಕ್ಷಿಸುವುದಿಲ್ಲ" ಎಂದು ಬರೆದುಕೊಟ್ಟೆ. ನಿರ್ದೇಶಕರು ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. "ಇದು ನನ್ನ ಕಡಿಂದ ನಡಿಯೂ ಮಾತಲ್ಲ. ನಾಳೆ ಯಾರರ ಔಷಧಿ ಕದ್ರ? ನಾ ನಡಿಸಿಕೊಡೂ ಅಷ್ಟು ಮಾತು ಮಾತ್ರ ನನ್ನ ಬಾಯಾಗ ಹಾಕು." ಕೊನೆಗೆ ನಿಂತದ್ದು ಹೀಗೆ: "ಎಷ್ಟೇ ಎಚ್ಚರದಿಂದಿದ್ದರೂ ಸೂಜಿ ಚುಚ್ಚುವುದುಂಟು. ಚುಚ್ಚಿದರೆ ಒತ್ತಿ ರಕ್ತ ಹಿಂಡಬೇಡಿ, ಬಾಯಿಗೆ ಇಡಬೇಡಿ. ಸೋಪು, ನೀರಿನಿಂದ ತೊಳೆಯಿರಿ. ಕೂಡಲೇ ವಾರ್ಡಿನ ಹಿರಿಯ ನರ್ಸಿಗೆ ಹೇಳಿ. ಸೂಜಿ ಚುಚ್ಚಿತೆಂದು ಹೇಳಿಬಂದವರನ್ನು ಇಲ್ಲಿ ಯಾರೂ ಬೈಯುವುದಿಲ್ಲ. ಇದು ನಾನು ಕೊಡುವ ಮಾತು."

ಬೆಚ್ಚಗಿನ ಮಾತಿಗೂ ಒಂದು ಗಡಿ ಇದೆ ಎಂದು ನನಗೆ ಅಲ್ಲಿ ತಿಳಿಯಿತು. "ನಿಮ್ಮ ಎಲ್ಲ ಅನುಕೂಲ ನೋಡಿಕೊಳ್ಳುತ್ತೇವೆ" ಎಂಬ ಸಾಲನ್ನೂ ಅವರು ಇದೇ ಕಾರಣಕ್ಕೆ ತೆಗೆಸಿದರು. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಮೂವರು. "ಕೋಣೆ ಇಕ್ಕಟ್ಟು, ಮೂವರು ಹೊಂದಿಕೊಳ್ಳಬೇಕಾಗುತ್ತದೆ" ಎಂದೇ ಬರೆದೆವು. ಸಂಜೆಗೆ ಕೋಣೆ ನೋಡುವವರಿಗೆ ಬೆಳಿಗ್ಗೆ ಸುಳ್ಳು ಹೇಳಿದರೆ, ಸೂಜಿಯ ಮಾತನ್ನು ಅವರು ಯಾಕೆ ನಂಬಬೇಕು?

ಕೊನೆಗೆ ಗಟ್ಟಿಯಾಗಿ ಓದಿ ನೋಡಿದೆ. ಉಸಿರು ಸಾಲದ ಕಡೆ ವಾಕ್ಯ ಒಡೆದೆ. ಐದು ನಿಮಿಷಕ್ಕೆ ಮುಗಿಯಿತು.

ಆ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಿರ್ದೇಶಕರು ಕಾಗದವನ್ನು ಹೆಚ್ಚು ನೋಡದೆ ಮಾತಾಡಿದರು. ಮುಗಿದ ಮೇಲೆ ಒಬ್ಬಳು ಎದ್ದು ಕೇಳಿದಳು: "ಸರ್, ರಾತ್ರಿ ಎರಡು ಗಂಟೆಗೆ ಸೂಜಿ ಚುಚ್ಚಿದರೆ, ವಾರ್ಡಿನಲ್ಲಿ ನಾನೊಬ್ಬಳೇ ಇದ್ದರೆ, ಯಾರಿಗೆ ಹೇಳುವುದು?" ನನ್ನ ಮುಖ ಬಿಸಿಯಾಯಿತು. ಟಿಪ್ಪಣಿಯಲ್ಲಿ ಅದು ಇರಲಿಲ್ಲ, ನಾನೂ ಕೇಳಿರಲಿಲ್ಲ. ನಿರ್ದೇಶಕರು "ಕ್ಯಾಶುಯಲ್ಟಿಯಲ್ಲಿ ರಾತ್ರಿಯೆಲ್ಲಾ ಡಾಕ್ಟರ್ ಇರ್ತಾರ, ಫೋನ್ ಮಾಡ್ರಿ, ಬದಲಿ ಒಬ್ಬರನ್ನ ಕಳಿಸ್ತಾರ" ಎಂದರು.

ಮಾರನೆಯ ದಿನ ಹೋಗಿ, ಮುಂದಿನ ತಂಡಕ್ಕೆಂದು ಇಟ್ಟ ಪ್ರತಿಯಲ್ಲಿ ಆ ಸಾಲನ್ನು ಸೇರಿಸಿ ಬಂದೆ.