ಮಾರಾಟದ ಬೆಳವಣಿಗೆ ದರ: ಯಾವ ವರ್ಷದಿಂದ ಎಣಿಸಬೇಕು?

ದುಡಿಯುವ ಬಂಡವಾಳದ ಸಾಲಕ್ಕೆ ಅರ್ಜಿ ಸಲ್ಲಿಸುವಾಗ ಮುಂದಿನ ವರ್ಷದ ಮಾರಾಟದ ಅಂದಾಜನ್ನು ಕೊಡಬೇಕಾಗುತ್ತದೆ. ಆ ಅಂದಾಜಿಗೆ ಆಧಾರವಾದ ಬೆಳವಣಿಗೆ ದರವನ್ನು ಕಂಡುಹಿಡಿಯುವ ಬಗೆಯನ್ನು ಒಂದು ಕಾಲ್ಪನಿಕ ಘಟಕದ ಉದಾಹರಣೆಯಿಂದ ನೋಡೋಣ.

2020-21ರಿಂದ 2024-25ರವರೆಗೆ ಇದರ ಮಾರಾಟ ಅನುಕ್ರಮವಾಗಿ 60, 96, 100, 104 ಮತ್ತು 108 ಲಕ್ಷ ರೂಪಾಯಿ. ಮೊದಲನೆಯದು ಲಾಕ್‌ಡೌನ್‌ನಿಂದ ಪೆಟ್ಟು ತಿಂದ ವರ್ಷ. ರೂಢಿಯಂತೆ ಕೊನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ, ನಾಲ್ಕನೆಯ ಮೂಲ ತೆಗೆದರೆ ವಾರ್ಷಿಕ ಚಕ್ರವೃದ್ಧಿ ದರ ಶೇ. 15.8 ಬರುತ್ತದೆ.

ಈಗ ಪ್ರತಿ ವರ್ಷದ ಮಾರಾಟದ ಸ್ವಾಭಾವಿಕ ಲಾಗರಿದಮ್ ತೆಗೆದು, ಹಿಂದಿನ ವರ್ಷದ್ದನ್ನು ಕಳೆಯೋಣ. ವ್ಯತ್ಯಾಸಗಳು 0.470, 0.041, 0.039, 0.038. ಸಣ್ಣ ಏರಿಕೆಗಳಲ್ಲಿ ಲಾಗ್ ವ್ಯತ್ಯಾಸವು ಶೇಕಡಾ ದರಕ್ಕೆ ಬಹುತೇಕ ಸಮ. ಆದ್ದರಿಂದ ಕೊನೆಯ ಮೂರು ವರ್ಷಗಳ ಬೆಳವಣಿಗೆ ಸುಮಾರು ಶೇ. 4 ಮಾತ್ರ. ಈ ವ್ಯತ್ಯಾಸಗಳನ್ನು ಕೂಡಿದರೆ ನಡುವಣ ವರ್ಷಗಳೆಲ್ಲ ಹೊಡೆದುಹೋಗಿ ಮೊದಲ ಮತ್ತು ಕೊನೆಯ ವರ್ಷಗಳು ಮಾತ್ರ ಉಳಿಯುತ್ತವೆ. ರೂಢಿಯ ದರದ ದೋಷ ಇಲ್ಲಿಯೇ ಇದೆ.

ಎಲ್ಲ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಲಾಗ್ ಅಂಕಿಗಳಿಗೆ ಕಾಲದ ಮೇಲೆ ರಿಗ್ರೆಷನ್ ರೇಖೆಯನ್ನು ಹೊಂದಿಸಬೇಕು. ಎಕ್ಸೆಲ್‌ನ A2:A6ರಲ್ಲಿ 1ರಿಂದ 5, B2:B6ರಲ್ಲಿ ಮಾರಾಟ, C2:C6ರಲ್ಲಿ ಅದರ ಲಾಗ್ ಇರಲಿ:

```
C2:  =LN(B2)
D2:  =EXP(SLOPE(C2:C6,A2:A6))-1
```

C2ರ ಸೂತ್ರವನ್ನು C6ರವರೆಗೆ ನಕಲಿಸಬೇಕು. ಉತ್ತರ ಶೇ. 13.4. ಇದೂ ಹೆಚ್ಚೇ, ಏಕೆಂದರೆ ರೇಖೆಯ ಇಳಿಜಾರಿನ ಮೇಲೆ ತುದಿಯ ವರ್ಷಗಳ ಪ್ರಭಾವ ಅಧಿಕ. 2020-21ನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದರೆ ಶೇ. 4.0. ಒಂದು ವರ್ಷವನ್ನು ಬಿಟ್ಟೊಡನೆ ದರ ಹೀಗೆ ಕುಸಿದರೆ, ಅದು ಆ ವರ್ಷದ ವಿಶೇಷವೇ ಹೊರತು ವ್ಯಾಪಾರದ ಬೆಳವಣಿಗೆಯಲ್ಲ. ಬಿಟ್ಟ ವರ್ಷವನ್ನೂ ಕಾರಣವನ್ನೂ ವರದಿಯಲ್ಲಿ ನಮೂದಿಸುವುದು ಪ್ರಾಮಾಣಿಕ ಕ್ರಮ.

ತ್ರೈಮಾಸಿಕ ಅಂಕಿಗಳಿಗೂ ಇದೇ ಎಚ್ಚರಿಕೆ ಬೇಕು. ತ್ರೈಮಾಸಿಕ ಏರಿಕೆ ಶೇ. 3 ಆದರೆ ವಾರ್ಷಿಕ ದರ 1.03ರ ನಾಲ್ಕನೆಯ ಘಾತದಿಂದ ಶೇ. 12.55 ಆಗುತ್ತದೆ, 12 ಅಲ್ಲ. ಆದರೆ ದಸರಾ-ದೀಪಾವಳಿಯ ಮಾರಾಟದಿಂದ ಒಂದು ತ್ರೈಮಾಸಿಕ 25 ಲಕ್ಷದಿಂದ 30 ಲಕ್ಷಕ್ಕೆ ಏರಿದ್ದರೆ, ಇದೇ ಲೆಕ್ಕವು ಶೇ. 107 ಎನ್ನುತ್ತದೆ. ಋತುಮಾನದ ಏರಿಳಿತವಿರುವಲ್ಲಿ ಹಿಂದಿನ ವರ್ಷದ ಅದೇ ತ್ರೈಮಾಸಿಕದೊಡನೆ ಹೋಲಿಸುವುದೇ ಸರಿ.

ಶೇ. 15.8ರಂತೆ ಮುಂದಿನ ವರ್ಷದ ಅಂದಾಜು 125 ಲಕ್ಷ, ಶೇ. 4ರಂತೆ 112 ಲಕ್ಷ. ಅಂದಾಜು ಮಾರಾಟದ ಶೇ. 20ರಷ್ಟು ಸಾಲಮಿತಿ ಕೊಡುವ ಟರ್ನೋವರ್ ಪದ್ಧತಿಯಲ್ಲಿ ಇವೆರಡರ ಅಂತರ ಸುಮಾರು ಎರಡೂವರೆ ಲಕ್ಷ. ಬಾರದ ಮಾರಾಟವನ್ನು ನಂಬಿ ಆ ಹಣದಿಂದ ಕೊಂಡ ಸರಕು ಗೋದಾಮಿನಲ್ಲಿಯೇ ಉಳಿಯುತ್ತದೆ. ಬಡ್ಡಿ ಮಾತ್ರ ಪ್ರತಿ ತಿಂಗಳೂ ಖಾತೆಗೆ ಖರ್ಚು ಬೀಳುತ್ತದೆ.