ಸಿಗ್ನಲ್ ಕಡ್ಡಿಗಳು ಹೇಳುವುದೇನು?

ಬಳ್ಳಾರಿ ಸೀಮೆಯ ಮನೆಗಳಲ್ಲಿ ಈಗ ದಿನವೂ ಕೇಳಿಬರುವ ಮಾತೊಂದಿದೆ: "ಟವರ್ ತುಂಬಾ ಐತಿ, ಆದ್ರೂ ಫೋನ್ ಹೋಗವಲ್ದು." ಮೊಬೈಲಿನ ಮೇಲ್ತುದಿಯಲ್ಲಿ ನಾಲ್ಕು ಕಡ್ಡಿಗಳೂ ತುಂಬಿ ನಿಂತಿರುತ್ತವೆ. ಸಂದೇಶಗಳು ಬರುತ್ತವೆ, ಚಿತ್ರಗಳು ತೆರೆದುಕೊಳ್ಳುತ್ತವೆ. ಆದರೆ ಕರೆ ಮಾಡಿದರೆ ಕೆಲವು ಕ್ಷಣ ಮೌನ, ಬಳಿಕ ಕರೆಯೇ ಕಡಿದುಹೋಗುತ್ತದೆ. ಅಂಗಳಕ್ಕೆ ಬಂದು ನಿಂತರೆ ಅದೇ ಫೋನು, ಅದೇ ಸಂಖ್ಯೆ. ಮಾತು ಸರಾಗವಾಗಿ ಸಾಗುತ್ತದೆ. ಇದು ಫೋನಿನ ದೋಷವೆಂದು ಹೊಸದನ್ನು ಕೊಳ್ಳುವವರೂ, ಟವರಿನ ದೋಷವೆಂದು ಕಂಪನಿಯನ್ನು ದೂರುವವರೂ ಉಂಟು. ಎಷ್ಟೋ ಸಲ ದೋಷವಿರುವುದು ಈ ಎರಡರಲ್ಲಿಯೂ ಅಲ್ಲ. ಕಡ್ಡಿಗಳನ್ನು ನಾವು ಓದುವ ರೀತಿಯಲ್ಲಿ.

ಕಡ್ಡಿಗಳು ತಿಳಿಸುವುದು ಒಂದೇ ಸಂಗತಿಯನ್ನು. ಟವರಿನಿಂದ ಹೊರಟ ರೇಡಿಯೋ ಅಲೆ ಫೋನನ್ನು ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದನ್ನು ಅವು ಸ್ಥೂಲವಾಗಿ ತೋರಿಸುತ್ತವೆ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಫೋನು ತಯಾರಿಸುವವರು ತಮಗೆ ತೋರಿದಂತೆ ಅದನ್ನು ಗೊತ್ತುಮಾಡುತ್ತಾರೆ. ನಿಜವಾದ ಅಳತೆಯನ್ನು ಕಾಣಬೇಕಾದರೆ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ Settings, About phone, SIM status ಎಂಬ ಕ್ರಮದಲ್ಲಿ ಹೋಗಿ Signal strength ಎಂಬಲ್ಲಿ ನೋಡಬೇಕು. ಅಲ್ಲಿ -76 dBm, -96 dBm ಎಂಬಂತಹ ಋಣಸಂಖ್ಯೆಗಳಿರುತ್ತವೆ. ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಹತ್ತು ಅಂಕ ಇಳಿದರೆ ಬಲವು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದೂ, ಇಪ್ಪತ್ತು ಅಂಕ ಇಳಿದರೆ ನೂರರಲ್ಲಿ ಒಂದು ಪಾಲಿಗೆ ಇಳಿಯಿತೆಂದೂ ತಿಳಿಯಬೇಕು.

ಕುರುಗೋಡಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬೆಣಚುಕಲ್ಲಿನ ಬೆಟ್ಟದ ಬುಡದಲ್ಲಿರುವ ಹಳೆಯ ಮನೆ ಅದು. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮುಂದೆ ಕಟ್ಟೆ, ಒಳಗೆ ನಡುಮನೆ, ಅದರ ಹಿಂದೆ ಕಿಟಕಿಯಿಲ್ಲದ ಕೋಣೆ. ಹೆರಿಗೆಗೆಂದು ತವರಿಗೆ ಬಂದ ಮಗಳು ಆ ಹಿಂದಿನ ಕೋಣೆಯ ತಂಪಿನಲ್ಲಿ ಮಲಗುತ್ತಾಳೆ. ಅವಳ ಅಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರ. ನಡುರಾತ್ರಿ ನೋವು ಕಾಣಿಸಿಕೊಂಡರೆ ಅವನಿಗೂ ಆಸ್ಪತ್ರೆಗೂ ಕರೆ ಹೋಗಲೇಬೇಕು. ಆದರೆ ನಡುಮನೆಯಿಂದ ತಾಯಿ ಮಾಡಿನೋಡಿದ ಕರೆಗಳು ಒಂದೂ ಹೋಗುತ್ತಿಲ್ಲ.

ಕಟ್ಟೆಯ ಮೇಲೆ ಅಳೆದಾಗ -76, ನಡುಮನೆಯಲ್ಲಿ -96 ಬಂದಿತೆನ್ನೋಣ. ಗೋಡೆ ಮಾಳಿಗೆಗಳೆರಡೂ ಸೇರಿ ನೂರು ಪಾಲಿನಲ್ಲಿ ತೊಂಬತ್ತೊಂಬತ್ತನ್ನು ಹೀರಿಬಿಟ್ಟಿವೆ. ಆದರೂ ಹಲವು ಫೋನುಗಳು ಎರಡು ಕಡೆಯೂ ತುಂಬಿದ ಕಡ್ಡಿಗಳನ್ನೇ ತೋರಿಸುತ್ತವೆ! ಏಕೆಂದರೆ 4ಜಿ ಅಲೆಯ ಮಟ್ಟಿಗೆ -96 ಕೂಡ ಒಳ್ಳೆಯ ಬಲವೇ. ಹಾಗಿದ್ದ ಮೇಲೆ ಅಲ್ಲಿಂದ ಕರೆ ಹೋಗಲೇಬೇಕಲ್ಲವೆ? ಹೋಗದಿರುವುದಕ್ಕೆ ಕಾರಣವನ್ನು ಗೋಡೆಯಲ್ಲಲ್ಲ, ಕರೆ ಹಿಡಿಯುವ ದಾರಿಯಲ್ಲಿ ಹುಡುಕಬೇಕು.

4ಜಿ ಜಾಲವನ್ನು ಮೂಲತಃ ದತ್ತಾಂಶದ ಸಾಗಣೆಗಾಗಿ ರೂಪಿಸಲಾಯಿತು. ಹಿಂದಿನ 2ಜಿ ಮತ್ತು 3ಜಿ ಜಾಲಗಳಲ್ಲಿ ಕರೆಗೆಂದೇ ಪ್ರತ್ಯೇಕವಾದ ದಾರಿಯೊಂದು ಇತ್ತು, 4ಜಿಯಲ್ಲಿ ಅದಿಲ್ಲ. ಆದ್ದರಿಂದ ಆರಂಭದ 4ಜಿ ಫೋನುಗಳು ಒಂದು ಉಪಾಯವನ್ನು ಅನುಸರಿಸಿದವು. ಬಳಕೆದಾರನು ಕರೆಯ ಗುಂಡಿ ಒತ್ತಿದೊಡನೆ ಫೋನು 4ಜಿಯನ್ನು ಬಿಟ್ಟು ಹಳೆಯ ಜಾಲಕ್ಕೆ ಇಳಿದು, ಅಲ್ಲಿ ಕರೆಯನ್ನು ಜೋಡಿಸಿ, ಮಾತು ಮುಗಿದ ಮೇಲೆ ಮತ್ತೆ 4ಜಿಗೆ ಏರುತ್ತಿತ್ತು. ಈ ಇಳಿದಾಟಕ್ಕೆ ಕೆಲವು ಸೆಕೆಂಡುಗಳು ಹಿಡಿಯುತ್ತವೆ. ಹಳೆಯ ಜಾಲದ ಅಲೆ ಆ ಕೋಣೆಯಲ್ಲಿ ದುರ್ಬಲವಾಗಿದ್ದರೆ, ಅಥವಾ ಅದರ ಉಪಕರಣ ದೂರದ ಬೇರೊಂದು ಟವರಿನಲ್ಲಿದ್ದರೆ, ಕರೆ ಅಲ್ಲಿಯೇ ನಿಲ್ಲುತ್ತದೆ. ತುಂಬಿ ನಿಂತಿದ್ದ ಕಡ್ಡಿಗಳು 4ಜಿಯವು. ಕರೆ ಹೊರಟದ್ದು 2ಜಿಯ ದಾರಿಯಲ್ಲಿ. ಮುಖ್ಯ ರಸ್ತೆ ಅಗಲವಾಗಿದೆಯೆಂಬ ನಂಬಿಕೆಯಲ್ಲಿ ಹೊರಟ ಗಾಡಿ ಕಾಲುದಾರಿಯ ಕೆಸರಿನಲ್ಲಿ ಹೂತುಕೊಂಡಂತೆ ಇದು.

ಈ ತೊಡಕಿಗೆ ಪರಿಹಾರವಾಗಿ ಬಂದುದು ವೋಲ್ಟೆ, ಅಂದರೆ ವಾಯ್ಸ್ ಓವರ್ ಎಲ್‌ಟಿಇ. ಇದರಲ್ಲಿ ಧ್ವನಿಯನ್ನೇ ಸಣ್ಣ ಸಣ್ಣ ದತ್ತಾಂಶದ ಪೊಟ್ಟಣಗಳಾಗಿ ಮಾಡಿ 4ಜಿಯ ದಾರಿಯಲ್ಲಿಯೇ ಸಾಗಿಸಲಾಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋ ಕಂಪನಿಗೆ 2ಜಿ, 3ಜಿ ಜಾಲಗಳೇ ಇರಲಿಲ್ಲ. ಅದರ ಕರೆಗಳಿಗೆ ವೋಲ್ಟೆಯೇ ಆಧಾರವಾಯಿತು. ಏರ್‌ಟೆಲ್ 2017ರಲ್ಲಿ ಮುಂಬಯಿಯಿಂದ ಈ ಸೇವೆಯನ್ನು ಆರಂಭಿಸಿತು. ಆದರೆ ಸೇವೆ ಇದ್ದ ಮಾತ್ರಕ್ಕೆ ಸಾಲದು. ಫೋನಿಗೆ ಆ ಕಂಪನಿಯ ವೋಲ್ಟೆಯನ್ನು ಬಳಸುವ ಶಕ್ತಿಯಿರಬೇಕು. ಫೋನಿನಲ್ಲಿ ಅದು ಚಾಲೂ ಇರಬೇಕು. ಎರಡು ಸಿಮ್ ಇರುವ ಫೋನುಗಳಲ್ಲಿ ಪ್ರತಿಯೊಂದು ಸಿಮ್ಮಿಗೂ ಈ ಗುಂಡಿ ಬೇರೆ ಬೇರೆಯಾಗಿರುತ್ತದೆ. ಒಂದರಲ್ಲಿ ಚಾಲೂ ಮಾಡಿ ಇನ್ನೊಂದರಿಂದ ಕರೆ ಮಾಡುತ್ತ ಬೇಸರಪಡುವವರು ಕಡಿಮೆಯಿಲ್ಲ.

ಕುರುಗೋಡಿನ ತಾಯಿಯ ಫೋನಿನಲ್ಲಿ ಇದೇ ಆಗಿದೆಯೇ ಎಂದು ತಿಳಿಯುವ ಬಗೆ ಸುಲಭ. ಮೊದಲು ಕಟ್ಟೆಯ ಮೇಲೆ ನಿಂತು ಕರೆ ಮಾಡಬೇಕು. ಮಾತು ನಡೆಯುತ್ತಿರುವಾಗಲೇ ಫೋನಿನ ಮೇಲ್ತುದಿಯನ್ನು ನೋಡಬೇಕು. ಅಲ್ಲಿ 4G ಅಥವಾ VoLTE ಎಂಬ ಗುರುತು ಹಾಗೆಯೇ ಉಳಿದರೆ ಕರೆ 4ಜಿಯಲ್ಲಿದೆ. ಅದು ಮಾಯವಾಗಿ 2G, E, 3G ಅಥವಾ H ಎಂಬುದು ಮೂಡಿದರೆ ಫೋನು ಹಳೆಯ ಜಾಲಕ್ಕೆ ಇಳಿದಿದೆ. ತಾಯಿಯ ಫೋನಿನಲ್ಲಿ E ಮೂಡಿತೆನ್ನೋಣ. ಆಗ Settings ಒಳಗೆ ಸಿಮ್‌ಗೆ ಸಂಬಂಧಿಸಿದ ಪುಟವನ್ನು ತೆರೆದು, ಕರೆಗೆ ಬಳಸುವ ಸಿಮ್ಮನ್ನು ಆರಿಸಿ, VoLTE ಅಥವಾ 4G Calling ಎಂದು ಬರೆದಿರುವ ಗುಂಡಿಯನ್ನು ಚಾಲೂ ಮಾಡಬೇಕು. ಜಾಲದ ಆಯ್ಕೆಯಲ್ಲಿ 4ಜಿ ಇರುವುದನ್ನೂ ನೋಡಿಕೊಳ್ಳಬೇಕು. ಬಳಿಕ ಫೋನನ್ನು ಒಮ್ಮೆ ಆರಿಸಿ ಹಚ್ಚಿ, ನಡುಮನೆಗೆ ಹೋಗಿ ಮತ್ತೆ ಕರೆ ಮಾಡಬೇಕು. -96ರ ಬಲವಿರುವ ನಡುಮನೆಯಿಂದ ಈಗ ಮಾತು ಸಾಗುತ್ತದೆ.

ಆದರೆ ಮಗಳು ಮಲಗುವ ಹಿಂದಿನ ಕೋಣೆಯ ಸ್ಥಿತಿ ಬೇರೆ. ಅಲ್ಲಿ -116 ಬಂದಿದೆ. ಬಲವು ನಡುಮನೆಗಿಂತಲೂ ನೂರರಲ್ಲಿ ಒಂದು ಪಾಲು. ಇಲ್ಲಿ ಇನ್ನೊಂದು ಸಂಗತಿ ಅಡ್ಡಬರುತ್ತದೆ. ಕರೆಯೆಂಬುದು ಇಬ್ಬರ ಸಂವಾದ. ಟವರಿನ ಪ್ರಸಾರ ಶಕ್ತಿ ಹತ್ತಾರು ವ್ಯಾಟ್. ಫೋನಿನದು ಹೆಚ್ಚೆಂದರೆ 0.2 ವ್ಯಾಟ್. ಫೋನಿನ ಕ್ಷೀಣ ದನಿಯನ್ನು ಕೇಳಲು ಟವರಿಗೆ ಸೂಕ್ಷ್ಮವಾದ ಕಿವಿಯನ್ನು ಕೊಟ್ಟಿರುವುದು ನಿಜ. ಆದರೂ ಅಲೆ ಅಂಚಿಗೆ ಬಂದಾಗ ಮೊದಲು ಸೋಲುವುದು ಸಾಮಾನ್ಯವಾಗಿ ಫೋನಿನ ದನಿಯೇ. ಬೆಟ್ಟದ ಮೇಲೆ ನಿಂತವನ ಕೂಗು ಬುಡದಲ್ಲಿರುವ ಕೂಸಿಗೆ ಕೇಳಿಸಿದರೂ ಕೂಸಿನ ಉತ್ತರ ಮೇಲಕ್ಕೆ ಮುಟ್ಟುವುದಿಲ್ಲ. ಆ ಕಡೆಯವರ ಮಾತು ನಮಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದು, ಅವರು ಮಾತ್ರ "ಹಲೋ, ಹಲೋ" ಎನ್ನುತ್ತಿದ್ದರೆ ಕಾರಣ ಬಹುಶಃ ಇದೇ. ಇಂತಹ ಕೋಣೆಯಲ್ಲಿ ವೋಲ್ಟೆಯೊಂದರಿಂದಲೇ ಕೆಲಸವಾಗದು.

ಇಲ್ಲಿ ನೆರವಿಗೆ ಬರುವುದು ವೈ-ಫೈ ಕಾಲಿಂಗ್. ಮನೆಯ ಅಂತರ್ಜಾಲದ ಪೆಟ್ಟಿಗೆಯಿಂದ ಹೊರಡುವ ವೈ-ಫೈ ಅಲೆಯ ಮೂಲಕ ಫೋನು ತನ್ನ ಕಂಪನಿಯ ಕೇಂದ್ರವನ್ನು ತಲುಪಿ, ಅಲ್ಲಿಂದ ಕರೆಯನ್ನು ಜೋಡಿಸಿಕೊಳ್ಳುತ್ತದೆ. ಸಂಖ್ಯೆಯೂ ಕರೆ ಮಾಡುವ ಕ್ರಮವೂ ಎಂದಿನವೇ. ಕೇಳುವವರು ವೈ-ಫೈಯಲ್ಲಿ ಇರಬೇಕೆಂಬ ನಿಯಮವಿಲ್ಲ. ಟವರಿನ ಅಲೆ ಕಲ್ಲಿನ ಗೋಡೆಯನ್ನು ಭೇದಿಸಬೇಕಾದ ಪ್ರಸಂಗವೇ ಇಲ್ಲಿಲ್ಲ. ಭಾರತದಲ್ಲಿ ಏರ್‌ಟೆಲ್ 2019ರ ಡಿಸೆಂಬರಿನಲ್ಲಿಯೂ, ಜಿಯೋ 2020ರ ಜನವರಿಯಲ್ಲಿಯೂ ಈ ಸೇವೆಯನ್ನು ಆರಂಭಿಸಿದವು. ಸಿಮ್ ಪುಟದಲ್ಲಿಯೇ Wi-Fi Calling ಎಂಬ ಗುಂಡಿ ಇರುತ್ತದೆ. ಅದನ್ನು ಚಾಲೂ ಮಾಡಿದ ಮೇಲೆ ಪರೀಕ್ಷೆಗಾಗಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈಯನ್ನು ಮಾತ್ರ ಮತ್ತೆ ಚಾಲೂ ಮಾಡಬೇಕು. ಟವರಿನ ಸಂಪರ್ಕವೇ ಇಲ್ಲದ ಆ ಸ್ಥಿತಿಯಲ್ಲಿಯೂ ಕರೆ ಹೋದರೆ ಏರ್ಪಾಡು ಸರಿಯಾಗಿದೆ ಎಂದರ್ಥ.

ಸಿರುಗುಪ್ಪದ ಗಿರಣಿಯಲ್ಲಿರುವ ಅಣ್ಣನ ಕಡೆಯನ್ನೂ ನೋಡಬೇಕು. ತುಂಗಭದ್ರೆಯ ನೀರುಂಡ ಬತ್ತದ ಬಯಲಿನಲ್ಲಿ ಅಲೆಗೆ ಬೆಟ್ಟದ ಅಡ್ಡಿಯಿಲ್ಲ. ಆದರೆ ತಗಡಿನ ಹೊದಿಕೆಯ ಗಿರಣಿಯೊಳಗೆ ಹೊಕ್ಕರೆ ಲೋಹವು ಅಲೆಯನ್ನು ಹಿಂದಕ್ಕೆ ಹೊಡೆಯುತ್ತದೆ; ಬಾಗಿಲು ಕಿಟಕಿಗಳ ಸಂದಿನಿಂದ ಬಂದಷ್ಟೇ ಲಾಭ. ಗಿರಣಿಯ ಕಚೇರಿಯಲ್ಲಿ ವೈ-ಫೈ ಇದ್ದು, ಅವನ ಫೋನಿನಲ್ಲಿಯೂ ಗುಂಡಿ ಚಾಲೂ ಇದ್ದರೆ ಒಳಗೂ ಅವನ ಫೋನು ರಿಂಗಾಗುತ್ತದೆ. ಇಲ್ಲವಾದರೆ ತಂಗಿಯ ಮನೆಯಲ್ಲಿ ಎಲ್ಲವೂ ಸರಿಯಿದ್ದರೂ ಅವನು ಸಂಪರ್ಕದಲ್ಲಿಲ್ಲವೆಂಬ ಉತ್ತರವೇ ಬರುವುದು.

ಬಳ್ಳಾರಿ ನಗರದಲ್ಲಿ ತೊಡಕಿನ ರೂಪ ಮತ್ತೊಂದು. ಅಲ್ಲಿ ಟವರುಗಳು ಹತ್ತಿರ ಹತ್ತಿರ, ಕಡ್ಡಿಗಳಿಗೆ ಕೊರತೆಯಿಲ್ಲ. ಆದರೆ ಕಡ್ಡಿಗಳು ಅಲೆಯ ಬಲವನ್ನು ಹೇಳುತ್ತವೆಯೇ ಹೊರತು ಜಾಲದಲ್ಲಿ ಎಡೆಯಿದೆಯೇ ಎಂಬುದನ್ನಲ್ಲ. ಸಂತೆಯ ಗದ್ದಲದಲ್ಲಿ ಪಕ್ಕದವನ ಗಟ್ಟಿ ದನಿಯೂ ಅರ್ಥವಾಗದಂತೆ, ಹಲವು ಟವರುಗಳ ಅಲೆಗಳು ಬೆರೆತಾಗಲೂ ಸಂಜೆಯ ಹೊತ್ತಿನ ದಟ್ಟಣೆಯಲ್ಲಿಯೂ ಕರೆ ಕೆಡಬಹುದು. ಒಂದೇ ಜಾಗದಲ್ಲಿ ಬೆಳಗಿನ ಜಾವ ಸರಾಗವಾಗಿ ಹೋಗುವ ಕರೆ ಸಂಜೆ ಕಡಿಯುತ್ತಿದ್ದರೆ ಅದು ದಟ್ಟಣೆಯ ಲಕ್ಷಣ. ಫೋನಿನ ಗುಂಡಿಗಳಿಂದ ಅದು ಪೂರ್ತಿ ನೀಗದು.

ವೈ-ಫೈ ಕಾಲಿಂಗಿಗೂ ಮಿತಿಗಳಿವೆ. ವಿದ್ಯುತ್ತು ಹೋದೊಡನೆ ಅಂತರ್ಜಾಲದ ಪೆಟ್ಟಿಗೆ ನಿಂತು ಕರೆ ಕಡಿಯುತ್ತದೆ. ಅದಕ್ಕೆ ಚಿಕ್ಕ ಬ್ಯಾಟರಿಯ ಆಸರೆ ಬೇಕು. ಮಾತನಾಡುತ್ತ ಮನೆಯಿಂದ ಹೊರಬಂದಾಗ ಕರೆಯು ವೈ-ಫೈಯಿಂದ ಟವರಿಗೆ ದಾಟಬೇಕಾದರೆ ವೋಲ್ಟೆಯೂ ಚಾಲೂ ಇರಬೇಕು. ಎರಡು ಗುಂಡಿಗಳನ್ನೂ ಒಟ್ಟಿಗೆ ಚಾಲೂ ಇಡುವುದು ಇದರಿಂದಲೇ ಲೇಸು. ತುರ್ತು ನೆರವಿನ 112ಕ್ಕೆ ಕರೆ ಮಾಡುವಾಗ ಸಾಧ್ಯವಿದ್ದರೆ ಕಟ್ಟೆಗೆ ಬಂದು ಟವರಿನ ಮೂಲಕವೇ ಮಾಡುವುದು ಉತ್ತಮ. ವೈ-ಫೈಯಿಂದ ಹೋದ ಕರೆಯಲ್ಲಿ ಕರೆದವರ ನೆಲೆ ಸರಿಯಾಗಿ ತಿಳಿಯದೆ ಹೋಗಬಹುದು. ಯಾವ ದಾರಿಯಿಂದ ಕರೆದರೂ ಊರು, ಓಣಿ, ಮನೆಯ ಗುರುತುಗಳನ್ನು ಮೊದಲು ಹೇಳಬೇಕು.

ಇಷ್ಟೆಲ್ಲವನ್ನು ಹಗಲು ಹೊತ್ತಿನಲ್ಲಿ, ಅವಸರವಿಲ್ಲದಾಗ, ಕೋಣೆ ಕೋಣೆಯಲ್ಲಿ ನಿಂತು ಪರೀಕ್ಷಿಸಿಕೊಳ್ಳಬೇಕು. ಕುರುಗೋಡಿನ ಆ ಮನೆಗೆ ನೋವಿನ ರಾತ್ರಿ ಬರುವ ಮೊದಲೇ ಯಾವ ಕೋಣೆಯಿಂದ ಯಾವ ದಾರಿಯಲ್ಲಿ ಕರೆ ಹೋಗುತ್ತದೆಂಬುದು ಮನೆಯವರೆಲ್ಲರಿಗೂ ಗೊತ್ತಿರಬೇಕು.

ಅಭ್ಯಾಸ

1. ಸಿಗ್ನಲ್ ಕಡ್ಡಿಗಳು ಯಾವುದನ್ನು ಸೂಚಿಸುತ್ತವೆ? ಯಾವುದನ್ನು ಸೂಚಿಸುವುದಿಲ್ಲ?
2. ನಡುಮನೆಯಲ್ಲಿ ಕಡ್ಡಿಗಳು ತುಂಬಿದ್ದರೂ ತಾಯಿಯ ಕರೆ ಹೋಗದಿರಲು ಕಾರಣವೇನು? ಅದನ್ನು ಹೇಗೆ ಪತ್ತೆಹಚ್ಚಬಹುದು?
3. ನಡುಮನೆಗೆ ವೋಲ್ಟೆ ಸಾಕಾಯಿತು, ಹಿಂದಿನ ಕೋಣೆಗೆ ಸಾಲದಾಯಿತು. ಏಕೆ?
4. ನಿಮ್ಮ ಮನೆಯ ಮೂರು ಸ್ಥಳಗಳಲ್ಲಿ ಅಲೆಯ ಬಲವನ್ನು ಅಳೆದು, ಕಡ್ಡಿಗಳ ಸಂಖ್ಯೆಯೊಡನೆ ಹೋಲಿಸಿ ಬರೆಯಿರಿ.